ಪಾಠದ ಸ್ಕ್ರೀನ್‌ಶಾಟ್‌ನಲ್ಲಿ ಮೌಸ್ ಬಾಣ: ಎಲ್ಲಿ ತೋರಿಸಬೇಕು, ಎಲ್ಲಿ ಮರೆಸಬೇಕು, ಹೇಗೆ

ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ಲೆಕ್ಕ ಬರೆಯುವ ಗುಮಾಸ್ತರಿಗೆ ಲಿಬ್ರೆಆಫೀಸ್ ಕ್ಯಾಲ್ಕ್ ಕಲಿಸಲು ನಾನು ಚಿತ್ರಸಹಿತ ಪಾಠಗಳನ್ನು ಮಾಡಿಕೊಡುತ್ತೇನೆ. ಈ ಪಾಠಗಳನ್ನು ಓದುವವರಲ್ಲಿ ಎರಡು ಬಗೆ. ಕೆಲವರು ಫೋನಿನಲ್ಲಿ ತೆರೆದು ಪಕ್ಕದ ಕಂಪ್ಯೂಟರಿನಲ್ಲಿ ಮಾಡುತ್ತಾ ಹೋಗುತ್ತಾರೆ. ಇನ್ನು ಕೆಲವರು ಪ್ರಿಂಟ್ ತೆಗೆಸಿ, ಅದರ ಜೆರಾಕ್ಸ್ ಮಾಡಿಸಿ, ಕೀಬೋರ್ಡಿನ ಪಕ್ಕ ಇಟ್ಟುಕೊಂಡು ಬೆರಳಿಟ್ಟು ಓದುತ್ತಾರೆ. ಇಬ್ಬರೂ ಚಿತ್ರದಲ್ಲಿ ಮೊದಲು ಹುಡುಕುವುದು ಮೌಸ್ ಬಾಣವನ್ನೇ. ಬಾಣ ಎಲ್ಲಿದೆಯೋ ಅಲ್ಲಿ ಒತ್ತಬೇಕು ಅಂತ ಅವರ ಲೆಕ್ಕ. ಹಾಗಾಗಿ ಚಿತ್ರ ತೆಗೆಯುವಾಗ ಬಾಣ ಸುಮ್ಮನೆ ಎಲ್ಲೋ ನಿಂತಿದ್ದರೂ ಅದು ಓದುಗರಿಗೆ ಒಂದು ಸೂಚನೆಯಾಗಿಬಿಡುತ್ತದೆ.

ಈ ಮಾರ್ಗದರ್ಶಿಯಲ್ಲಿ ಒಂದು ಚಿಕ್ಕ ಪಾಠವನ್ನೇ ಹಿಡಿದುಕೊಂಡು, ಅದರ ಒಂದೊಂದು ಚಿತ್ರಕ್ಕೂ ಬಾಣವನ್ನು ಏನು ಮಾಡಬೇಕು ಎಂದು ನೋಡೋಣ. ವಿಂಡೋಸ್‌ನಲ್ಲಿ ಗ್ರೀನ್‌ಶಾಟ್ ಎಂಬ ಉಚಿತ ತಂತ್ರಾಂಶವನ್ನು ಬಳಸುತ್ತೇನೆ. ಅದನ್ನೇ ಯಾಕೆ ಎಂಬುದು ಮುಂದೆ ತಿಳಿಯುತ್ತದೆ. ಉಬುಂಟು ಬಳಸುವವರಿಗೂ ಕೊನೆಯ ಕಡೆ ಒಂದಿಷ್ಟು ಇದೆ.

ಪರದೆಯ ಮೇಲೆ ಕಾಣುವ ಬಾಣ ಚಿತ್ರದಲ್ಲಿ ಯಾಕಿಲ್ಲ?

ವಿಂಡೋಸ್‌ನಲ್ಲಿ PrtSc ಒತ್ತಿ ಪೇಂಟ್‌ನಲ್ಲಿ ಅಂಟಿಸಿದರೆ ಕಿಟಕಿ, ಮೆನು, ಗಡಿಯಾರ ಎಲ್ಲ ಬರುತ್ತದೆ, ಬಾಣ ಮಾತ್ರ ಬರುವುದಿಲ್ಲ. ಕೀಲಿ ಸರಿಯಾಗಿ ಒತ್ತಲಿಲ್ಲವೇನೋ ಎಂದು ಮತ್ತೆ ಮತ್ತೆ ಒತ್ತಿ ನೋಡುವವರಿದ್ದಾರೆ. ಕೀಲಿಯದ್ದು ಏನೂ ತಪ್ಪಿಲ್ಲ. ಫೋಟೋದ ಮೇಲೆ ಗಾಜು ಇಟ್ಟು, ಆ ಗಾಜಿನ ಮೇಲೆ ಬಾಣ ಬರೆದ ಹಾಗೆ ಇದರ ವ್ಯವಸ್ಥೆ. ಕಿಟಕಿಗಳೆಲ್ಲ ಒಂದು ಚಿತ್ರದಲ್ಲಿ ಸೇರಿಕೊಂಡಿರುತ್ತವೆ. ಬಾಣವನ್ನು ಗ್ರಾಫಿಕ್ಸ್ ಭಾಗ ಬೇರೆಯಾಗಿ, ಎಲ್ಲದರ ಮೇಲೆ ತೋರಿಸುತ್ತದೆ. ಮೌಸ್ ಅಲುಗಿದಾಗಲೆಲ್ಲ ಕೆಳಗಿನ ಚಿತ್ರವನ್ನು ಮತ್ತೆ ಬರೆಯುವ ಕೆಲಸ ತಪ್ಪಲಿ ಎಂದು ಹೀಗೆ ಮಾಡಿದ್ದು. ಸಾಮಾನ್ಯ ಸ್ಕ್ರೀನ್‌ಶಾಟ್ ಕೆಳಗಿನ ಚಿತ್ರವನ್ನಷ್ಟೇ ನಕಲು ಮಾಡುತ್ತದೆ. ವಿಂಡೋಸ್ ಜೊತೆಗೇ ಬರುವ ಸ್ನಿಪ್ಪಿಂಗ್ ಟೂಲ್ ಕೂಡ ಸ್ಥಿರ ಚಿತ್ರದಲ್ಲಿ ಬಾಣವನ್ನು ಬಿಟ್ಟೇ ತೆಗೆಯುತ್ತದೆ.

ಬಾಣ ಬೇಕೆಂದರೆ ತಂತ್ರಾಂಶ ಎರಡು ಕೆಲಸ ಮಾಡಬೇಕು. ಬಾಣ ಈಗ ಯಾವ ಆಕಾರದಲ್ಲಿ, ಯಾವ ಜಾಗದಲ್ಲಿದೆ ಎಂದು ವಿಂಡೋಸ್‌ನಿಂದ ಕೇಳಿ ತಿಳಿಯಬೇಕು, ಆಮೇಲೆ ಅದನ್ನು ಚಿತ್ರದ ಮೇಲೆ ತಾನೇ ಬರೆಯಬೇಕು. ಅಂದರೆ ಚಿತ್ರದಲ್ಲಿ ಕಾಣುವ ಬಾಣ ಯಾವಾಗಲೂ ಆಮೇಲೆ ಸೇರಿಸಿದ್ದೇ. ಹೆಚ್ಚಿನ ತಂತ್ರಾಂಶಗಳು ಹಾಗೆ ಬರೆದ ಕೂಡಲೇ ಎರಡನ್ನೂ ಬೆರೆಸಿಬಿಡುತ್ತವೆ. ಗ್ರೀನ್‌ಶಾಟ್ ಮಾತ್ರ ತನ್ನ ಎಡಿಟರಿನಲ್ಲಿ ಬಾಣವನ್ನು ಬೇರೆ ವಸ್ತುವಾಗಿಯೇ ಉಳಿಸಿಕೊಳ್ಳುತ್ತದೆ. ತೆಗೆದ ಮೇಲೂ ಅದನ್ನು ಸರಿಸಬಹುದು, ಬೇಡವಾದರೆ ಅಳಿಸಬಹುದು. ಪಾಠ ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಆದ್ದರಿಂದಲೇ ನಾನು ಇದನ್ನು ಆರಿಸಿಕೊಂಡಿದ್ದು.

ಇಲ್ಲಿ ಇನ್ನೊಂದು ಮಾತು. ಅಕ್ಷರ ಟೈಪ್ ಮಾಡುವಲ್ಲಿ ಮಿನುಗುವ ನಿಂತ ಗೆರೆ ಮೌಸ್ ಬಾಣವಲ್ಲ. ಅದು ಕೆಳಗಿನ ಚಿತ್ರಕ್ಕೆ ಸೇರಿದ್ದು. ಮಿನುಗುವುದರಿಂದ ಒಂದು ಚಿತ್ರದಲ್ಲಿ ಬರುತ್ತದೆ, ಮತ್ತೊಂದರಲ್ಲಿ ಬರುವುದಿಲ್ಲ. ಅದು ಬೇಕಿದ್ದರೆ ಇನ್ನೊಮ್ಮೆ ತೆಗೆಯುವುದಷ್ಟೇ ದಾರಿ. ಬಾಣದ ಸೆಟ್ಟಿಂಗ್‌ನಿಂದ ಅದು ಬರುವುದೂ ಇಲ್ಲ, ಹೋಗುವುದೂ ಇಲ್ಲ.

ಗ್ರೀನ್‌ಶಾಟ್ ಸಿದ್ಧ ಮಾಡಿಕೊಳ್ಳುವುದು

ಗ್ರೀನ್‌ಶಾಟ್ ಹಾಕಿಕೊಂಡ ಮೇಲೆ ಗಡಿಯಾರದ ಪಕ್ಕ ಅದರ ಹಸಿರು ಚಿಹ್ನೆ ಕಾಣುತ್ತದೆ. ಕಾಣದಿದ್ದರೆ ಅಲ್ಲಿರುವ ಮೇಲ್ಮುಖದ ಚಿಕ್ಕ ಗುರುತನ್ನು ಒತ್ತಿ, ಅಡಗಿರುವ ಚಿಹ್ನೆಗಳೆಲ್ಲ ಹೊರಗೆ ಬರುತ್ತವೆ. ಹಸಿರು ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ "Preferences..." ತೆರೆಯಿರಿ. ಅದರಲ್ಲಿ "Capture" ಎಂಬ ಪುಟಕ್ಕೆ ಹೋಗಿ "Capture mousepointer" ಎದುರಿನ ಚೌಕಕ್ಕೆ ಗುರುತು ಹಾಕಿ. ಅದನ್ನು ಯಾವಾಗಲೂ ಹಾಕಿಯೇ ಇಡಿ. ಬಾಣ ಬೇಡವಾದ ಚಿತ್ರಕ್ಕೆ ಇಲ್ಲಿಗೆ ಬಂದು ಗುರುತು ತೆಗೆಯಬೇಕಾಗಿಲ್ಲ. ಎಡಿಟರಿನಲ್ಲಿ ಬಾಣವನ್ನು ಆರಿಸಿ Delete ಒತ್ತಿದರೆ ಸಾಕು. ಬಂದಿರುವ ಬಾಣವನ್ನು ತೆಗೆಯುವುದು ಸುಲಭ, ಬರದೇ ಇದ್ದದ್ದನ್ನು ತರುವುದು ಕಷ್ಟ.

ವಿಂಡೋಸ್ 11ರಲ್ಲಿ ಒಂದು ತೊಡಕು ಬರುತ್ತದೆ. ಅಲ್ಲಿ PrtSc ಕೀಲಿಯನ್ನು ಸ್ನಿಪ್ಪಿಂಗ್ ಟೂಲ್ ಹಿಡಿದುಕೊಂಡಿರುತ್ತದೆ. ನೀವು ಗ್ರೀನ್‌ಶಾಟ್ ಎಂದುಕೊಂಡು ಒತ್ತುತ್ತೀರಿ, ತೆರೆಯುವುದು ಅದು, ಬಾಣ ಬರುವುದಿಲ್ಲ. ಪರದೆಯ ಮೇಲ್ತುದಿಯ ನಡುವೆ ಆಯ್ಕೆಗಳ ಪಟ್ಟಿಯೊಂದು ಮೂಡಿದರೆ ಅದು ಸ್ನಿಪ್ಪಿಂಗ್ ಟೂಲ್ ಎಂದು ಗುರುತಿಸಿ. Settings ತೆರೆದು Accessibility, ಅದರೊಳಗೆ Keyboard ಎಂಬಲ್ಲಿಗೆ ಹೋದರೆ Print screen ಕೀಲಿಯ ಬಗ್ಗೆ ಒಂದು ಸ್ವಿಚ್ ಇದೆ, ಅದನ್ನು ಆಫ್ ಮಾಡಿ. ಆಮೇಲೆ ಗ್ರೀನ್‌ಶಾಟ್ ಅನ್ನು ಒಮ್ಮೆ ಮುಚ್ಚಿ ತೆರೆಯಿರಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ PrtSc ಜೊತೆ Fn ಕೀಲಿಯನ್ನೂ ಒತ್ತಬೇಕಾಗುತ್ತದೆ.

PrtSc ಒತ್ತಿದ ಕ್ಷಣಕ್ಕೇ ಗ್ರೀನ್‌ಶಾಟ್ ಇಡೀ ಪರದೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಯಾವ ಭಾಗ ಬೇಕು ಎಂದು ನೀವು ಎಳೆದು ತೋರಿಸುವುದು ಅದರ ನಂತರ. ಆದ್ದರಿಂದ ಬಾಣ ಬರುವುದು ನೀವು ಕೀಲಿ ಒತ್ತಿದಾಗ ಎಲ್ಲಿತ್ತೋ ಅಲ್ಲಿಯೇ. ಭಾಗ ಆರಿಸಲು ಮೌಸ್ ಎಳೆದಾಡಿದರೂ ಚಿತ್ರದ ಬಾಣ ಕದಲುವುದಿಲ್ಲ. ಈ ಹೊತ್ತಿನಲ್ಲಿ M ಅಕ್ಷರ ಒತ್ತಿದರೆ ಬಾಣ ಹೋಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಭಾಗ ಆರಿಸಿದ ಮೇಲೆ ಏನು ಮಾಡಲಿ ಎಂದು ಕೇಳುವ ಪಟ್ಟಿ ಬರುತ್ತದೆ. ಅಲ್ಲಿ "Open in image editor" ಆರಿಸಿ. ನೇರವಾಗಿ ಫೈಲಿಗೆ ಉಳಿಸಿದರೆ ಬಾಣ ಚಿತ್ರದೊಳಗೆ ಬೆರೆತುಹೋಗುತ್ತದೆ, ಆಮೇಲೆ ಸರಿಸಲು ಬರುವುದಿಲ್ಲ.

ನಮ್ಮ ಪಾಠ: ಅಡಿಕೆ ಮೊತ್ತದ ಸೂತ್ರವನ್ನು ಕೆಳಗಿನ ಸಾಲುಗಳಿಗೆ ಎಳೆಯುವುದು

ಕ್ಯಾಲ್ಕ್‌ನಲ್ಲಿ ಒಂದು ಚಿಕ್ಕ ಪಟ್ಟಿ ಮಾಡಿಕೊಳ್ಳಿ. A ಕಾಲಂನಲ್ಲಿ ಅಡಿಕೆಯ ಬಗೆ: ರಾಶಿ, ಬೆಟ್ಟೆ, ಸರಕು, ಗೊರಬಲು. B ಕಾಲಂನಲ್ಲಿ ತೂಕ, C ಕಾಲಂನಲ್ಲಿ ದರ, D ಕಾಲಂನಲ್ಲಿ ಮೊತ್ತ. ಮೊದಲ ಸಾಲು ತಲೆಬರಹಕ್ಕೆ ಹೋಗುವುದರಿಂದ ಲೆಕ್ಕ 2ನೇ ಸಾಲಿನಿಂದ 5ನೇ ಸಾಲಿನವರೆಗೆ. ತೂಕ, ದರ ಎರಡಕ್ಕೂ ಕಲ್ಪಿತ ಅಂಕಿಗಳನ್ನೇ ಹಾಕಿ. ಸದಸ್ಯರೊಬ್ಬರ ನಿಜವಾದ ಲೆಕ್ಕ ಚಿತ್ರದಲ್ಲಿ ಊರೆಲ್ಲ ತಿರುಗುವುದು ಬೇಡ. D2ರಲ್ಲಿ ಈ ಸೂತ್ರ ಬರೆಯಬೇಕು:

```
=B2*C2
```

ಇದನ್ನು D5ರವರೆಗೆ ಎಳೆಯುವುದನ್ನು ಕಲಿಸುವುದೇ ಪಾಠ. ನಾಲ್ಕು ಚಿತ್ರ ಸಾಕು.

ಮೊದಲನೆಯದು ಪಟ್ಟಿ ಹೇಗಿರಬೇಕು ಎಂದು ತೋರಿಸುವ ಚಿತ್ರ. ಇಲ್ಲಿ ಓದುಗರು ಏನನ್ನೂ ಒತ್ತಬೇಕಾಗಿಲ್ಲ, ತಮ್ಮ ಪಟ್ಟಿಯನ್ನು ಇದರ ಜೊತೆ ಹೋಲಿಸಿ ನೋಡಿಕೊಂಡರಾಯಿತು. ಹಾಗಾಗಿ ಬಾಣ ಇರಲೇಬಾರದು. C3ರ ಮೇಲೆ ಬಾಣ ನಿಂತಿದ್ದರೆ "ಅಕ್ಕಾ, ಬೆಟ್ಟೆ ದರದ ಮೇಲೆ ಒತ್ತಬೇಕಾ?" ಎಂದು ಫೋನ್ ಬರುತ್ತದೆ. ಮೌಸನ್ನು ಪಟ್ಟಿಯಿಂದ ದೂರ, ನೀವು ಆರಿಸಲಿರುವ ಭಾಗದ ಆಚೆಗೆ ನಿಲ್ಲಿಸಿ PrtSc ಒತ್ತಿ.

ಎರಡನೆಯದು D2ರಲ್ಲಿ ಸೂತ್ರ ಬರೆಯುವುದು. ಇದು ಕೀಬೋರ್ಡಿನ ಕೆಲಸ. ಬಾಣ ಇಲ್ಲಿಯೂ ಬೇಡ. D2ರಲ್ಲಿ ಸೂತ್ರ ಕಾಣುವಂತೆ, Enter ಒತ್ತುವ ಮೊದಲು ಚಿತ್ರ ತೆಗೆಯಿರಿ. ಗ್ರೀನ್‌ಶಾಟ್ ಎಡಿಟರಿನಲ್ಲಿ R ಒತ್ತಿ, ಆ ಕೋಶದ ಸುತ್ತ ಚೌಕಟ್ಟು ಎಳೆಯಿರಿ. ಸಾಮಾನ್ಯವಾದ ಬಟನ್ ಒತ್ತುವ ಹಂತಗಳಿಗೂ ನಾನು ಬಾಣಕ್ಕಿಂತ ಚೌಕಟ್ಟನ್ನೇ ಮೆಚ್ಚುತ್ತೇನೆ. ಚೌಕಟ್ಟು ಬಟನ್‌ನ ಹೆಸರನ್ನು ಮುಚ್ಚುವುದಿಲ್ಲ. ಬಾಣ ಹೆಸರಿನ ಮೇಲೆಯೇ ಕೂತು ಅರ್ಧ ಅಕ್ಷರ ನುಂಗುತ್ತದೆ.

ಮೂರನೆಯ ಚಿತ್ರದಲ್ಲಿಯೇ ಪಾಠದ ಜೀವ ಇರುವುದು. D2ನ್ನು ಆರಿಸಿದರೆ ಅದರ ಕೆಳಗಿನ ಬಲ ಮೂಲೆಯಲ್ಲಿ ಒಂದು ಪುಟ್ಟ ಚೌಕ ಕಾಣುತ್ತದೆ. ಮೌಸನ್ನು ಅದರ ಮೇಲೆ ತಂದಾಗ ಬಾಣದ ಆಕಾರ ಬದಲಾಗಿ ತೆಳ್ಳಗಿನ ಕೂಡುವ ಚಿಹ್ನೆಯಂತಾಗುತ್ತದೆ. ಆ ಆಕಾರ ಬಂದಾಗ ಎಳೆದರೆ ಮಾತ್ರ ಸೂತ್ರ ಕೆಳಗೆ ತುಂಬುತ್ತದೆ. ಸ್ವಲ್ಪ ಆಚೀಚೆಯಾಗಿ, ಬಾಣ ಬಾಣವಾಗಿಯೇ ಇರುವಾಗ ಎಳೆದರೆ ಕೋಶಗಳು ಆಯ್ಕೆಯಾಗುತ್ತವೆ ಅಷ್ಟೆ, ಏನೂ ತುಂಬುವುದಿಲ್ಲ. "ನಾನೂ ಎಳೆದೆ, ಬರಲಿಲ್ಲ" ಎನ್ನುವವರೆಲ್ಲ ಎಡವುವುದು ಇಲ್ಲಿಯೇ. ಅಂದರೆ ಈ ಹಂತದಲ್ಲಿ ಆಕಾರ ಬದಲಾಗುವುದೇ ಕಲಿಸಬೇಕಾದ ಸಂಗತಿ. ಚೌಕಟ್ಟು ಹಾಕಿ ಅದನ್ನು ತೋರಿಸಲು ಸಾಧ್ಯವಿಲ್ಲ. ಬೇರೆ ಎಲ್ಲಿಂದಲೋ ತಂದ ಬಾಣದ ಚಿತ್ರವನ್ನು ಅಂಟಿಸಿದರೆ ಸುಳ್ಳು ಹೇಳಿದ ಹಾಗಾಗುತ್ತದೆ.

ತೆಗೆಯುವ ಕ್ರಮ ಹೀಗೆ. D2ನ್ನು ಒತ್ತಿ ಆರಿಸಿ. ಮೌಸನ್ನು ನಿಧಾನಕ್ಕೆ ಆ ಪುಟ್ಟ ಚೌಕದ ಕಡೆ ತನ್ನಿ. ಆಕಾರ ಬದಲಾದ ಕೂಡಲೇ ಕೈ ನಿಲ್ಲಿಸಿ, ಬೇಕಿದ್ದರೆ ಮೌಸ್‌ನಿಂದ ಕೈಯನ್ನೇ ತೆಗೆಯಿರಿ. ಇನ್ನೊಂದು ಕೈಯಲ್ಲಿ PrtSc ಒತ್ತಿ. ಈಗ D2ರ ಸುತ್ತಮುತ್ತ ಮಾತ್ರ, ಮೇಲಿನ ತಲೆಬರಹದ ಸಾಲೂ ಎಡಗಡೆಯ ದರದ ಕಾಲಂ ಕೂಡ ಸೇರುವಷ್ಟು ಜಾಗ ಎಳೆದು ಆರಿಸಿ. ಚಿತ್ರ ಎಡಿಟರಿನಲ್ಲಿ ತೆರೆದುಕೊಂಡಾಗ ಕೂಡುವ ಚಿಹ್ನೆ ಮೂಲೆಯ ಮೇಲೆ ಕೂತಿರುತ್ತದೆ. ಅದನ್ನು ಒತ್ತಿ ನೋಡಿ, ಸುತ್ತ ಹಿಡಿಗಳು ಕಾಣುತ್ತವೆ. ಅಂದರೆ ಅದು ಬೇರೆ ವಸ್ತುವಾಗಿಯೇ ಇದೆ.

ನಾಲ್ಕನೆಯದು ಎಳೆದು ಬಿಟ್ಟ ಮೇಲೆ D5ರವರೆಗೆ ಮೊತ್ತ ತುಂಬಿರುವ ಚಿತ್ರ. ಬಾಣ ಬೇಡ. ಎಳೆಯುತ್ತಿರುವಾಗಲೇ, ಗುಂಡಿ ಒತ್ತಿ ಹಿಡಿದು ಚಿತ್ರ ತೆಗೆಯಲು ಹೋಗಬೇಡಿ. ಭಾಗ ಆರಿಸುವ ಪರದೆ ನಡುವೆ ಬಂದು ಎಳೆತ ಅರ್ಧಕ್ಕೆ ನಿಲ್ಲುತ್ತದೆ. ಎಲ್ಲಿಂದ ಹಿಡಿಯಬೇಕು ಎಂದು ಮೂರನೆಯ ಚಿತ್ರ ಹೇಳಿದೆ, ಎಲ್ಲಿಗೆ ಮುಟ್ಟಬೇಕು ಎಂದು ನಾಲ್ಕನೆಯದು ಹೇಳುತ್ತದೆ. ನಡುವಿನದಕ್ಕೆ ಮೂರನೆಯ ಚಿತ್ರದಲ್ಲೇ ಕೆಳಮುಖವಾಗಿ ಒಂದು ದಪ್ಪ ಗೆರೆಬಾಣ ಎಳೆದರೆ ಆಯಿತು. ಎಡಿಟರಿನಲ್ಲಿ A ಒತ್ತಿದರೆ ಆ ಸಾಧನ ಸಿಗುತ್ತದೆ.

ಎಲ್ಲ ಮುಗಿದ ಮೇಲೆ ಎರಡು ಬಾರಿ ಉಳಿಸಿ. ಪಾಠಕ್ಕೆ PNG ರೂಪದಲ್ಲಿ ಒಂದು. ನಿಮಗೆಂದು .greenshot ರೂಪದಲ್ಲಿ ಇನ್ನೊಂದು. ಎರಡನೆಯದರಲ್ಲಿ ಬಾಣ, ಚೌಕಟ್ಟು ಎಲ್ಲ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಮುಂದಿನ ವರ್ಷ ಪಾಠ ತಿದ್ದುವಾಗ ಬಾಣವನ್ನು ನಾಲ್ಕು ಗೆರೆ ಆಚೆ ಸರಿಸಲೆಂದು ಮೊದಲಿನಿಂದ ತೆಗೆಯುವುದು ತಪ್ಪುತ್ತದೆ.

ಬಾಣ ಹೋದರೂ ಅದರ ನೆರಳು ಹೋಗದಿರುವುದು

ಬಾಣವನ್ನು ಅಳಿಸಿದ ಮೇಲೂ ಚಿತ್ರದಲ್ಲಿ ಏನೋ ವಿಚಿತ್ರವಾಗಿ ಕಾಣುತ್ತದೆ. ಬಾಣ ಯಾವ ಬಟನ್ ಮೇಲಿತ್ತೋ ಆ ಬಟನ್ ಮಾತ್ರ ಬೇರೆ ಬಣ್ಣದಲ್ಲಿರುತ್ತದೆ, ಅದರ ಕೆಳಗೆ ಹಳದಿ ಅಥವಾ ಬಿಳಿ ಪಟ್ಟಿಯಲ್ಲಿ ಅದರ ಹೆಸರು ತೂಗಾಡುತ್ತಿರುತ್ತದೆ. ಕ್ಯಾಲ್ಕ್‌ನ ದಪ್ಪ ಅಕ್ಷರದ B ಬಟನ್ ಮೇಲೆ ಮೌಸ್ ಸ್ವಲ್ಪ ಹೊತ್ತು ನಿಂತರೆ ಹೀಗಾಗುತ್ತದೆ. ಈ ಬಣ್ಣವನ್ನೂ ಪಟ್ಟಿಯನ್ನೂ ಬರೆಯುವುದು ಕ್ಯಾಲ್ಕ್. ಅವು ಕೆಳಗಿನ ಚಿತ್ರಕ್ಕೆ ಸೇರಿದವು, ಬಾಣದ ಜೊತೆ ಹೋಗುವುದಿಲ್ಲ. "Capture mousepointer" ಗುರುತು ತೆಗೆದರೂ, M ಒತ್ತಿದರೂ ಅವು ಇದ್ದೇ ಇರುತ್ತವೆ. ಬಾಣವನ್ನು ಮರೆಸುವುದು ಒಂದು ಕೆಲಸ, ಬಾಣ ಅಲ್ಲಿ ಇರದಂತೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಬಾಣ ಬೇಡದ ಚಿತ್ರಕ್ಕೆ ಎರಡನೆಯದೇ ಸರಿ: ಮೌಸನ್ನು ಖಾಲಿ ಜಾಗಕ್ಕೆ ಸರಿಸಿ, ಪಟ್ಟಿ ಮಾಯವಾಗುವವರೆಗೆ ಕಾದು, ಆಮೇಲೆ ಕೀಲಿ ಒತ್ತಿ.

ಎಡಿಟರಿನಲ್ಲಿ ಬಾಣವನ್ನು ಸರಿಸುವಾಗ ಇದರ ತಿರುಗುಮುರುಗು ತಪ್ಪಾಗುತ್ತದೆ. B ಬಟನ್ ಮೇಲೆ ತೆಗೆದ ಬಾಣವನ್ನು ಪಕ್ಕದ ಬಟನ್‌ಗೆ ಎಳೆದಿಟ್ಟರೆ ಬಣ್ಣ ಒಂದು ಕಡೆ, ಬಾಣ ಇನ್ನೊಂದು ಕಡೆ. ಕಲಿಯುವವರು ಯಾವುದನ್ನು ನಂಬಬೇಕು? ಸರಿಸುವುದು ಒಂದೇ ಬಟನ್ ಒಳಗೆ, ಮುಚ್ಚಿಹೋದ ಅಕ್ಷರ ಬಿಡಿಸುವುದಕ್ಕೆ ಮಾತ್ರ ಇರಲಿ. ಹಾಗೆ ಸರಿಸುವಾಗ ಯಾವ ಬಿಂದು ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ನೆನಪಿಡಿ. ಬಾಣಕ್ಕೆ ಅದರ ಚೂಪು ತುದಿ, ಲಿಂಕ್ ಮೇಲೆ ಬರುವ ಕೈಗೆ ತೋರುಬೆರಳ ತುದಿ, ಕೂಡುವ ಚಿಹ್ನೆಗೆ ನಡುವಿನ ಬಿಂದು. ಬಾಣದ ಬಾಲ ಎಲ್ಲಿದ್ದರೂ ಪರವಾಗಿಲ್ಲ, ತುದಿ ಬಟನ್‌ನ ಒಳಗಿರಬೇಕು.

ಮೆನು ತೆರೆದಿರುವ ಚಿತ್ರಗಳಿಗೆ ಬೇರೆ ಉಪಾಯ ಬೇಕು. Data ಮೆನುವಿನಲ್ಲಿ ಒಂದು ಸಾಲು ಬಣ್ಣ ಹೊತ್ತು ಕಾಣಬೇಕು, ಬಾಣ ಮಾತ್ರ ಅದರ ಮೇಲೆ ಇರಬಾರದು ಎಂದುಕೊಳ್ಳಿ. ಮೌಸನ್ನು ದೂರ ಸರಿಸಿದರೆ ಬಣ್ಣವೂ ಹೋಗುತ್ತದೆ. ಇದಕ್ಕೆ ಮೌಸನ್ನು ಮೊದಲೇ ಒಂದು ಮೂಲೆಗೆ ತಳ್ಳಿಡಿ. F10 ಒತ್ತಿದರೆ ಮೆನು ಸಾಲಿಗೆ ಗಮನ ಬರುತ್ತದೆ. ಬಲಬಾಣದ ಕೀಲಿಯಿಂದ Data ತನಕ ಹೋಗಿ, ಕೆಳಬಾಣದ ಕೀಲಿಯಿಂದ ಬೇಕಾದ ಸಾಲಿಗೆ ಇಳಿಯಿರಿ. ಸಾಲು ಬಣ್ಣ ಹೊತ್ತಿದೆ, ಮೌಸ್ ಅಲ್ಲೆಲ್ಲೂ ಇಲ್ಲ. ಈಗ ಬರೀ PrtSc ಒತ್ತಿ. Alt+PrtSc ಒತ್ತಿದರೆ Alt ಕೀಲಿ ತಾಗಿದ ಕೂಡಲೇ ಮೆನು ಮುಚ್ಚಿಕೊಳ್ಳುತ್ತದೆ, ನಿಮ್ಮ ಕೈಗೆ ಬರುವುದು ಮೆನುವಿಲ್ಲದ ಕಿಟಕಿ.

ಫೋನಿನಲ್ಲಿಯೂ ಜೆರಾಕ್ಸಿನಲ್ಲಿಯೂ ಕಾಣುವಷ್ಟು ದೊಡ್ಡದಾಗಿ

ವಿಂಡೋಸ್‌ನ ಸಾಮಾನ್ಯ ಬಾಣ ಸುಮಾರು 12 ಪಿಕ್ಸೆಲ್ ಅಗಲ, 19 ಪಿಕ್ಸೆಲ್ ಎತ್ತರ. 1366 ಪಿಕ್ಸೆಲ್ ಅಗಲದ ಲ್ಯಾಪ್‌ಟಾಪ್ ಪರದೆಯನ್ನು ಇಡಿಯಾಗಿ ತೆಗೆದು, ಸುಮಾರು ಆರೂವರೆ ಸೆಂಟಿಮೀಟರ್ ಅಗಲದ ಫೋನಿನಲ್ಲಿ ನೋಡಿದರೆ ಆ ಬಾಣದ ಅಗಲ ಅರ್ಧ ಮಿಲಿಮೀಟರಿನ ಆಸುಪಾಸು. ಇದ್ದೂ ಇಲ್ಲದ ಹಾಗೆ. ಅದೇ ಚಿತ್ರವನ್ನು ಕತ್ತರಿಸಿ 400 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಬಾಣ ಎರಡು ಮಿಲಿಮೀಟರ್ ಆಗುತ್ತದೆ, ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ. ಮೂರನೆಯ ಚಿತ್ರದಲ್ಲಿ D2ರ ಸುತ್ತಮುತ್ತ ಮಾತ್ರ ಆರಿಸಿ ಎಂದದ್ದು ಇದಕ್ಕೇ. ಕೂಡುವ ಚಿಹ್ನೆಯ ಗೆರೆಗಳಂತೂ ಬಾಣಕ್ಕಿಂತ ಎಷ್ಟೋ ತೆಳು, ಚಿತ್ರ ಕುಗ್ಗಿದರೆ ಮೊದಲು ಮಾಯವಾಗುವುದು ಅವೇ.

ಜೆರಾಕ್ಸ್‌ನಲ್ಲಿ ಇನ್ನೊಂದು ಕಷ್ಟ. ಸಾಮಾನ್ಯ ಬಾಣ ಬಿಳಿ, ಅದಕ್ಕೊಂದು ತೆಳು ಕಪ್ಪು ಅಂಚು. ಬಿಳಿ ಕೋಶಗಳ ಮೇಲೆ ಅದು ನಿಂತಾಗ ಜೆರಾಕ್ಸ್‌ನಲ್ಲಿ ಅಂಚು ತುಂಡು ತುಂಡಾಗುತ್ತದೆ. ಇದಕ್ಕೆ ಕಪ್ಪು ಬಾಣ ಒಳ್ಳೆಯದು. ವಿಂಡೋಸ್ ಕೀಲಿ ಮತ್ತು R ಒಟ್ಟಿಗೆ ಒತ್ತಿ, ಇದನ್ನು ಬರೆದು Enter ಒತ್ತಿ:

```
main.cpl
```

ತೆರೆದ ಕಿಟಕಿಯಲ್ಲಿ Pointers ಪುಟಕ್ಕೆ ಹೋಗಿ, Scheme ಪಟ್ಟಿಯಿಂದ "Windows Black (large)" ಅಥವಾ "Windows Black (extra large)" ಆರಿಸಿ OK ಒತ್ತಿ. ಪಾಠದ ಕೆಲಸ ಮುಗಿದ ಮೇಲೆ ಇಲ್ಲಿಗೇ ಬಂದು ಮೊದಲಿನದಕ್ಕೆ ಮರಳಬಹುದು.

Settings ಒಳಗೆ ಬಾಣದ ಗಾತ್ರ ಹಿಗ್ಗಿಸುವ ಜಾರುಪಟ್ಟಿಯೂ ಒಂದಿದೆ. ದಿನನಿತ್ಯ ನೋಡುವುದಕ್ಕೆ ಅದು ಚೆನ್ನ. ಸ್ಕ್ರೀನ್‌ಶಾಟ್‌ಗೆ ಮಾತ್ರ ಅದನ್ನು ನೆಚ್ಚಿಕೊಳ್ಳಬೇಡಿ. ಪರದೆಯ ಮೇಲೆ ಬಾಣ ದೊಡ್ಡದಾಗಿ ಕಂಡರೂ ತೆಗೆದ ಚಿತ್ರದಲ್ಲಿ ಹಳೆಯ ಗಾತ್ರದಲ್ಲೇ ಬರಬಹುದು. ಯಾವ ದಾರಿ ಹಿಡಿದರೂ ಪಾಠ ಶುರು ಮಾಡುವ ಮೊದಲು ಒಂದು ಚಿತ್ರ ತೆಗೆದು, ಅದನ್ನು ಫೋನಿಗೆ ಕಳಿಸಿ ನೋಡಿಕೊಳ್ಳಿ. ವಾಟ್ಸ್ಯಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ತೆಳು ಗೆರೆಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ತೆಗೆದ ಹಾಗೆಯೇ ತಲುಪುತ್ತದೆ.

ಬಾಣ ತಪ್ಪು ಜಾಗದಲ್ಲಿ ಅಥವಾ ತಪ್ಪು ಆಕಾರದಲ್ಲಿ ಬಂದರೆ

ಕೆಲವೊಮ್ಮೆ ಬಾಣ ಬರುತ್ತದೆ, ಆದರೆ ನೀವು ಇಟ್ಟ ಜಾಗದಿಂದ ಅಷ್ಟು ದೂರ ಸರಿದು ಕೂತಿರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಅಕ್ಷರಗಳನ್ನು 125 ಅಥವಾ 150 ಶೇಕಡಾಕ್ಕೆ ಹಿಗ್ಗಿಸಿಕೊಂಡಿರುವವರಿಗೆ, ಅದರಲ್ಲೂ ಬೇರೆ ಬೇರೆ ಹಿಗ್ಗುವಿಕೆಯ ಎರಡು ಪರದೆ ಜೋಡಿಸಿಕೊಂಡವರಿಗೆ ಇದು ಎದುರಾಗಬಹುದು. ಗುರುತಿಸುವುದು ಸುಲಭ. ಬಣ್ಣ ಹೊತ್ತ ಬಟನ್ ಒಂದು, ಬಾಣದ ತುದಿ ಇರುವುದು ಇನ್ನೊಂದರ ಮೇಲೆ. ಬಣ್ಣ ಹೊತ್ತದ್ದೇ ನಿಜ, ಏಕೆಂದರೆ ಅದನ್ನು ಬರೆದದ್ದು ಕ್ಯಾಲ್ಕ್. ಒಂದೆರಡು ಚಿತ್ರಗಳಾದರೆ ಎಡಿಟರಿನಲ್ಲಿ ಬಾಣವನ್ನು ಆ ಬಟನ್ ಮೇಲಕ್ಕೆ ಎಳೆದಿಡಿ. ಉದ್ದದ ಪಾಠವಾದರೆ Settings, System, Display ಎಂಬಲ್ಲಿ Scale ಅನ್ನು 100ಕ್ಕೆ ಇಟ್ಟು ತೆಗೆಯುವುದು ಮೇಲು.

ಬಾಣದ ಬದಲು ತಿರುಗುವ ನೀಲಿ ಬಳೆ ಬಂದಿದ್ದರೆ ಕಂಪ್ಯೂಟರ್ ಆಗ ಏನೋ ಕೆಲಸದಲ್ಲಿತ್ತು ಎಂದರ್ಥ. ಹಳೆಯ ಯಂತ್ರಗಳಲ್ಲಿ ಫೈಲ್ ತೆರೆದ ಕೂಡಲೇ ತೆಗೆದರೆ ಹೀಗಾಗುತ್ತದೆ. ಅದನ್ನು ಹಾಗೇ ಬಿಟ್ಟರೆ ಓದುಗರು ತಮ್ಮ ಪರದೆಯಲ್ಲೂ ಬಳೆ ಬರಲಿ ಎಂದು ಕಾಯುತ್ತಾರೆ. ಅಕ್ಷರಗಳ ಮೇಲೆ ಬರುವ ನಿಂತ ಗೆರೆಯ ಆಕಾರವೂ ಪಾಠಕ್ಕೆ ಒಗ್ಗುವುದಿಲ್ಲ. ಅದು ಅಕ್ಷರಗಳ ನಡುವೆ ಒಂದು ಕಡ್ಡಿಯಂತೆ ಬೆರೆತುಬಿಡುತ್ತದೆ. ಕ್ಲಿಕ್ ಮಾಡಬೇಕಾದ ಜಾಗ ಅಕ್ಷರದ ಪೆಟ್ಟಿಗೆಯೇ ಆಗಿದ್ದರೆ ಬಾಣ ತೆಗೆದುಹಾಕಿ ಚೌಕಟ್ಟು ಹಾಕಿ.

ಉಬುಂಟುವಿನಲ್ಲಿ

ಉಬುಂಟು 22.04 ಮತ್ತು ಅದರ ನಂತರದವುಗಳಲ್ಲಿ PrtSc ಒತ್ತಿದರೆ ಪರದೆ ಹಾಗೆಯೇ ನಿಂತು, ಕೆಳಗೆ ಒಂದು ಪಟ್ಟಿ ಬರುತ್ತದೆ. ಅದರ ಬಲಗಡೆ ಬಾಣದ ಚಿತ್ರವಿರುವ ಬಟನ್ ಇದೆ, ಮೇಲೆ ಮೌಸ್ ತಂದರೆ "Show Pointer" ಎಂದು ಹೆಸರು ಹೇಳುತ್ತದೆ. ಅದನ್ನು ಒತ್ತಿದರೆ ಬಾಣ ಬರುತ್ತದೆ, ಅದೂ ನೀವು PrtSc ಒತ್ತಿದಾಗ ಇದ್ದ ಜಾಗದಲ್ಲಿ. ಹಾಗಾಗಿ ಕೂಡುವ ಚಿಹ್ನೆಯ ಚಿತ್ರವನ್ನು ಮೇಲೆ ಹೇಳಿದ ಕ್ರಮದಲ್ಲೇ ತೆಗೆಯಬಹುದು. ಒಂದು ಕೊರತೆ ಎಂದರೆ ಬಾಣ ಚಿತ್ರದೊಳಗೆ ಬೆರೆತೇ ಉಳಿಯುತ್ತದೆ. ಆದ್ದರಿಂದ ಒಂದೇ ಸ್ಥಿತಿಯಲ್ಲಿ ಎರಡು ಚಿತ್ರ ತೆಗೆದಿಡಿ, ಒಂದರಲ್ಲಿ ಬಾಣ ಇರಲಿ, ಇನ್ನೊಂದರಲ್ಲಿ ಬೇಡ.

ಹಗುರಾದ ಎಕ್ಸ್‌ಎಫ್‌ಸಿಇ ಇರುವ ಹಳೆಯ ಕಂಪ್ಯೂಟರುಗಳಲ್ಲಿ ಕಿಟಕಿಯೊಂದನ್ನು ಐದು ಸೆಕೆಂಡ್ ಕಾದು, ಬಾಣ ಸಹಿತ ತೆಗೆಯಲು ಈ ಸಾಲು ಸಾಕು. ಕೊನೆಯ -m ಬಿಟ್ಟರೆ ಬಾಣ ಬರುವುದಿಲ್ಲ.

```
xfce4-screenshooter -w -d 5 -m
```

ಬೆರೆತುಹೋದ ಬಾಣವನ್ನು ತೆಗೆಯಬೇಕಾದರೆ

ಯಾರೋ ತೆಗೆದುಕೊಟ್ಟ ಚಿತ್ರ, ಬಾಣ ಅಡ್ಡ ಬಂದಿದೆ, ಮತ್ತೆ ತೆಗೆಸಲು ಅವಕಾಶವಿಲ್ಲ. ಆಗ ಬಾಣ ಯಾವುದರ ಮೇಲೆ ಕೂತಿದೆ ಎಂದು ನೋಡಿ. ಖಾಲಿ ಕೋಶದ ಮೇಲಿದ್ದರೆ ಪೇಂಟ್‌ನಲ್ಲೇ ಸರಿಮಾಡಬಹುದು. ಅದೇ ಕಾಲಂನ ಇನ್ನೊಂದು ಖಾಲಿ ಕೋಶವನ್ನು ಚೌಕಾಕಾರದಲ್ಲಿ ಆರಿಸಿ Ctrl+C, Ctrl+V ಒತ್ತಿ, ಬಂದ ತುಂಡನ್ನು ಬಾಣದ ಮೇಲಕ್ಕೆ ಎಳೆದು ಕೂರಿಸಿ. ಅದೇ ಕಾಲಂನದೇ ಆಗಬೇಕು, ಬೇರೆ ಕಾಲಂನ ಅಗಲ ಬೇರೆ ಇರುತ್ತದೆ. ಚಿತ್ರವನ್ನು ಹಿಗ್ಗಿಸಿಕೊಂಡು ಕೋಶದ ಗೆರೆಗಳು ಒಂದಕ್ಕೊಂದು ಸರಿಯಾಗಿ ಕೂಡಿವೆಯೇ ನೋಡಿ. ಒಂದೇ ಪಿಕ್ಸೆಲ್ ತಪ್ಪಿದರೂ ಗೆರೆ ಮುರಿದಂತೆ ಕಾಣುತ್ತದೆ.

ಬಾಣ ಅಂಕಿಯನ್ನೋ ಅಕ್ಷರವನ್ನೋ ಮುಚ್ಚಿದ್ದರೆ ಅದರ ಕೆಳಗೆ ಏನಿತ್ತೆಂದು ಆ ಚಿತ್ರದಲ್ಲಿ ಉಳಿದೇ ಇರುವುದಿಲ್ಲ. ಅದನ್ನು ಊಹಿಸಿ ಬರೆಯಬೇಡಿ, ಪಟ್ಟಿಯನ್ನು ನಿಮ್ಮ ಕಂಪ್ಯೂಟರಿನಲ್ಲಿ ಮತ್ತೆ ಮಾಡಿಕೊಂಡು ತೆಗೆಯಿರಿ. ಚಿತ್ರ JPG ಆಗಿದ್ದರೆ ಇನ್ನೂ ಒಂದು ಎಚ್ಚರ ಬೇಕು. ಬಾಣದ ಸುತ್ತ ಬಿಳಿ ಜಾಗದಲ್ಲಿ ಬೂದುಬಣ್ಣದ ಸಣ್ಣ ಚುಕ್ಕೆಗಳು ಹರಡಿರುತ್ತವೆ. ಬಾಣದ ಅಳತೆಗೆ ಮಾತ್ರ ತುಂಡು ಕೂರಿಸಿದರೆ ಆ ಚುಕ್ಕೆಗಳು ಉಳಿದು, ಪ್ರಿಂಟ್‌ನಲ್ಲಿ ಬಾಣದ ಆಕಾರದ ಕಲೆ ಮೂಡುತ್ತದೆ. ಆದ್ದರಿಂದ ಇಡೀ ಕೋಶವನ್ನೇ, ಬೇಕಾದರೆ ಪಕ್ಕದ ಖಾಲಿ ಕೋಶವನ್ನೂ ಸೇರಿಸಿ ಮುಚ್ಚಿ, ಆಮೇಲೆ PNG ಆಗಿ ಉಳಿಸಿ.